ಪಿವಟ್ ಪಾಯಿಂಟ್: ನಿನ್ನೆಯ ಮೂರು ಬೆಲೆಗಳಿಂದ ಇವತ್ತಿನ ಗೆರೆಗಳನ್ನು ಹಾಕುವುದು ಹೇಗೆ?

ಚಾರ್ಟ್ ಆ್ಯಪ್‌ನಲ್ಲಿ ಒಂದು ಬಟನ್ ಒತ್ತಿದರೆ ಸಾಕು, ಬೆಲೆ ಇವತ್ತು ಎಲ್ಲೆಲ್ಲಿ ತಡೆದು ನಿಲ್ಲಬಹುದು ಅಂತ ತೋರಿಸುವ ಪಿವಟ್ ಗೆರೆಗಳು ತಾವಾಗಿಯೇ ಬಂದು ಕೂರುತ್ತವೆ. ಹಾಗಿದ್ದ ಮೇಲೆ ಕೈಯಲ್ಲಿ ಲೆಕ್ಕ ಹಾಕುವುದು ಯಾಕೆ ಅಂತ ಕೇಳಬಹುದು. ಒಂದೇ ಷೇರಿಗೆ ಎರಡು ಆ್ಯಪ್‌ಗಳು ಎರಡು ಬೇರೆ ಬೇರೆ R1, ಅಂದರೆ ಪಿವಟ್ ಮೇಲಿನ ಮೊದಲ ಗೆರೆ, ತೋರಿಸುವ ದಿನ ಬಂದೇ ಬರುತ್ತದೆ. ಆಗ ಯಾವುದನ್ನು ನಂಬಬೇಕು ಅನ್ನೋದು ಗೊತ್ತಾಗಬೇಕಾದರೆ ಗೆರೆ ಎಲ್ಲಿಂದ ಬಂತು ಅನ್ನೋದು ಗೊತ್ತಿರಬೇಕು. ಲೆಕ್ಕ ಐದು ನಿಮಿಷದ್ದು. ಕೂಡಿಸುವುದು, ಕಳೆಯುವುದು, ಮೂರರಿಂದ ಭಾಗಿಸುವುದು ಬಂದರೆ ಆಯಿತು.

ಇದು ಕಂಪ್ಯೂಟರ್ ಪರದೆಗಳು ಬರುವ ಮುಂಚಿನ ಲೆಕ್ಕ. ಷಿಕಾಗೋದ ಕಮಾಡಿಟಿ ಮಾರುಕಟ್ಟೆಯಲ್ಲಿ ನಿಂತು, ಕೂಗಿ, ಕೈಸನ್ನೆ ಮಾಡಿ ವ್ಯಾಪಾರ ನಡೆಸುತ್ತಿದ್ದವರು ಬಳಸುತ್ತಿದ್ದರು. ಚಾರ್ಟ್ ಬಿಡಿಸಿಕೊಂಡು ಕೂರಲು ಅವರಿಗೆ ಪುರುಸೊತ್ತು ಇರಲಿಲ್ಲ. ಹಿಂದಿನ ದಿನದ ಮೂರು ಅಂಕಿಗಳಿಂದ ಆರೇಳು ಬೆಲೆ ಲೆಕ್ಕ ಹಾಕಿ ಇಟ್ಟುಕೊಂಡರೆ ದಿನವಿಡೀ ಸಾಕಾಗುತ್ತಿತ್ತು. ಇವತ್ತು ನಮ್ಮ ಇಂಟ್ರಾಡೇ ಟ್ರೇಡರ್‌ಗಳು ನಿಫ್ಟಿಗೂ ಬ್ಯಾಂಕ್ ನಿಫ್ಟಿಗೂ ಹಾಕುವುದು ಅದೇ ಸೂತ್ರವನ್ನೇ.

ಮೊದಲ ಹೆಜ್ಜೆ: ಮೂರು ಬೆಲೆ ಹುಡುಕಿ

ಬೇಕಾಗಿರುವುದು ಹಿಂದಿನ ಸೆಷನ್‌ನ ಹೈ, ಲೋ ಮತ್ತು ಕ್ಲೋಸ್. ಓಪನ್ ಬೇಡ. ಹಿಂದಿನ ಸೆಷನ್ ಅಂದರೆ ಹಿಂದಿನ ತಾರೀಕು ಅಲ್ಲ, ಮಾರುಕಟ್ಟೆ ಕೊನೆಯ ಸಲ ತೆರೆದಿದ್ದ ದಿನ. ಸೋಮವಾರಕ್ಕೆ ಸಾಮಾನ್ಯವಾಗಿ ಶುಕ್ರವಾರದ ಬೆಲೆ. ಆದರೆ 2025ರ ಫೆಬ್ರುವರಿ 1, ಶನಿವಾರ, ಬಜೆಟ್ ಇದ್ದ ಕಾರಣ ಮಾರುಕಟ್ಟೆ ತೆರೆದಿತ್ತು. ಹಾಗಾಗಿ ಫೆಬ್ರುವರಿ 3ರ ಸೋಮವಾರಕ್ಕೆ ಶನಿವಾರದ ಬೆಲೆಗಳನ್ನೇ ಹಿಡಿಯಬೇಕಿತ್ತು. ಶುಕ್ರವಾರದ್ದನ್ನು ಹಿಡಿದವರ ಗೆರೆಗಳೆಲ್ಲ ಒಂದು ದಿನ ಹಳೆಯವು.

ಹೈ ಮತ್ತು ಲೋ ವಿಷಯದಲ್ಲಿ ಗೊಂದಲ ಕಡಿಮೆ. ಕ್ಲೋಸ್ ಮಾತ್ರ ಸ್ವಲ್ಪ ತೊಡಕಿನದು. ಎನ್‌ಎಸ್‌ಇಯಲ್ಲಿ ಬಹುಕಾಲದಿಂದ ನಡೆದು ಬಂದ ಪದ್ಧತಿಯಲ್ಲಿ ಷೇರಿನ ಕ್ಲೋಸ್ ಅಂದರೆ 3:30ಕ್ಕೆ ಆದ ಕೊನೆಯ ವ್ಯವಹಾರದ ಬೆಲೆ ಅಲ್ಲ. ಕೊನೆಯ ಅರ್ಧ ಗಂಟೆಯಲ್ಲಿ, ಅಂದರೆ 3ರಿಂದ 3:30ರವರೆಗೆ ಆದ ವ್ಯವಹಾರಗಳ ಸರಾಸರಿ ಅದು. ಎಷ್ಟು ಷೇರು ಯಾವ ಬೆಲೆಗೆ ಕೈ ಬದಲಾಯಿಸಿತು ಅನ್ನೋದಕ್ಕೆ ತಕ್ಕ ತೂಕ ಕೊಟ್ಟು ತೆಗೆದ ಸರಾಸರಿ. ಅದಕ್ಕೇ ಬ್ರೋಕರ್ ಆ್ಯಪ್‌ನಲ್ಲಿ 3:30ಕ್ಕೆ ಕಂಡ ಬೆಲೆಗೂ ಸಂಜೆ ತೋರಿಸುವ ಕ್ಲೋಸ್‌ಗೂ ಒಂದೆರಡು ರೂಪಾಯಿ ವ್ಯತ್ಯಾಸ ಕಾಣುತ್ತದೆ. ಎಕ್ಸ್‌ಚೇಂಜ್ ದಿನವೂ ಹಾಕುವ ಭಾವ್‌ಕಾಪಿಯಲ್ಲಿ ಈ ಎರಡೂ ಬೇರೆ ಬೇರೆ ಕಾಲಂಗಳಲ್ಲಿ ಇರುತ್ತವೆ. ಕ್ಲೋಸ್ ನಿಯಮ ಮುಂದೆ ಬದಲಾದರೂ ಚಿಂತೆ ಇಲ್ಲ. ಎಕ್ಸ್‌ಚೇಂಜ್ ಅಧಿಕೃತವಾಗಿ ಕೊಟ್ಟ ಕ್ಲೋಸ್ ಹಿಡಿಯಿರಿ, ಪ್ರತಿದಿನ ಅದನ್ನೇ ಹಿಡಿಯಿರಿ. ಹೆಚ್ಚು ಜನ ನೋಡುವುದು ಅದರಿಂದ ಬಂದ ಗೆರೆಯನ್ನೇ.

ಎರಡನೇ ಹೆಜ್ಜೆ: ಲೆಕ್ಕ

ಸೂತ್ರ ಇಷ್ಟೇ. H ಹೈ, L ಲೋ, C ಕ್ಲೋಸ್, P ಪಿವಟ್. R ಅಂದರೆ ರೆಸಿಸ್ಟೆನ್ಸ್, ಏರುವ ಬೆಲೆಗೆ ತಡೆ. S ಅಂದರೆ ಸಪೋರ್ಟ್, ಇಳಿಯುವ ಬೆಲೆಗೆ ಆಸರೆ.

```
P  = (H + L + C) / 3
R1 = 2*P - L
S1 = 2*P - H
R2 = P + (H - L)
S2 = P - (H - L)
R3 = H + 2*(P - L)
S3 = L - 2*(H - P)
```

ಒಂದು ಷೇರು ಅಂದುಕೊಳ್ಳಿ. ಹೆಸರು ಬೇಡ, ಅಂಕಿ ಸಾಕು. ನಿನ್ನೆ ಅದರ ಹೈ 612, ಲೋ 594, ಕ್ಲೋಸ್ 609 ರೂಪಾಯಿ. ಮೂರನ್ನೂ ಕೂಡಿಸಿದರೆ 1815. ಮೂರರಿಂದ ಭಾಗಿಸಿದರೆ 605. ಇದು ಪಿವಟ್.

ಇನ್ನು 605ರ ಎರಡರಷ್ಟು 1210. ಅದರಿಂದ ಲೋ 594 ಕಳೆದರೆ R1 ಸಿಗುತ್ತದೆ: 616. ಹೈ 612 ಕಳೆದರೆ S1: 598. ನಿನ್ನೆಯ ಹೈ ಮತ್ತು ಲೋ ನಡುವಿನ ಅಂತರ, ಅಂದರೆ ರೇಂಜ್, 18. ಪಿವಟ್‌ಗೆ 18 ಕೂಡಿಸಿದರೆ R2 ಆಗಿ 623, ಕಳೆದರೆ S2 ಆಗಿ 587. R1ಗೆ ಇನ್ನೊಂದು 18 ಸೇರಿಸಿದರೆ R3, ಅಂದರೆ 634. S1ರಿಂದ 18 ಇಳಿಸಿದರೆ S3, ಅಂದರೆ 580. ಮೇಲಿನ ಉದ್ದನೆಯ ಸೂತ್ರ ಹಾಕಿ ನೋಡಿ, ಅದೇ ಉತ್ತರ ಬರುತ್ತದೆ.

ಲೆಕ್ಕ ಸರಿಯಾಗಿದೆಯಾ ಅಂತ ನೋಡಲು ಒಂದು ಸುಲಭ ದಾರಿ ಇದೆ. R1ರಿಂದ S1 ಕಳೆಯಿರಿ. ಉತ್ತರ ನಿನ್ನೆಯ ರೇಂಜ್‌ಗೆ ಸಮ ಇರಲೇಬೇಕು. ಇಲ್ಲಿ 616 ಕಳೆ 598, ಅಂದರೆ 18. ಸಮ ಬರಲಿಲ್ಲ ಅಂದರೆ ಎಲ್ಲೋ ಹೈ ಜಾಗದಲ್ಲಿ ಲೋ ಬಂದಿದೆ, ಅಥವಾ ಎರಡು ಬೇರೆ ದಿನದ ಅಂಕಿ ಬೆರೆತಿದೆ.

ದಿನವೂ ಮಾಡುವವರು ಸ್ಪ್ರೆಡ್‌ಶೀಟ್‌ನಲ್ಲಿ ಒಂದೇ ಸಲ ಬರೆದಿಟ್ಟುಕೊಳ್ಳಬಹುದು. B2ನಲ್ಲಿ ಹೈ, C2ನಲ್ಲಿ ಲೋ, D2ನಲ್ಲಿ ಕ್ಲೋಸ್ ಇದ್ದರೆ, E2ನಿಂದ ಶುರು ಮಾಡಿ ಪಿವಟ್, R1, S1 ಹೀಗೆ:

```
E2: =(B2+C2+D2)/3
F2: =2*E2-C2
G2: =2*E2-B2
```

ಉಳಿದದ್ದನ್ನೂ ಇದೇ ರೀತಿ ಸೇರಿಸಿಕೊಳ್ಳಿ.

ಈ ಗೆರೆಗಳು ನಿಜಕ್ಕೂ ಏನು ಹೇಳುತ್ತಿವೆ?

ಸೂತ್ರ ಬಾಯಿಪಾಠ ಮಾಡಿದವರು ಜಾಸ್ತಿ, ಅದರ ಒಳಗೆ ಇಣುಕಿದವರು ಕಡಿಮೆ. ನಿನ್ನೆಯ ಬೆಲೆಗಳನ್ನು ಒಂದು ಉದ್ದನೆಯ ಕಾಗದದ ಪಟ್ಟಿಯ ಮೇಲೆ ಗುರುತು ಮಾಡಿ, ಪಿವಟ್ ಇರುವ ಜಾಗದಲ್ಲಿ ಮಡಚಿ. ನಿನ್ನೆಯ ಲೋ ಹೋಗಿ ಬೀಳುವ ಜಾಗವೇ R1. ನಿನ್ನೆಯ ಹೈ ಬೀಳುವ ಜಾಗವೇ S1. ನಮ್ಮ ಲೆಕ್ಕದಲ್ಲಿ ಲೋ 594 ಪಿವಟ್‌ಗಿಂತ 11 ಕೆಳಗೆ ಇದೆ, R1 ಪಿವಟ್‌ಗಿಂತ 11 ಮೇಲೆ ಇದೆ. ಹೈ 7 ಮೇಲೆ, S1 7 ಕೆಳಗೆ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ನಿನ್ನೆ ಕ್ಲೋಸ್ ಹೈ ಹತ್ತಿರ ಆಗಿದ್ದರೆ ಪಿವಟ್ ಮೇಲಕ್ಕೆ ಸರಿಯುತ್ತದೆ, R1 ದೂರ ಹೋಗುತ್ತದೆ, S1 ಹತ್ತಿರ ಬರುತ್ತದೆ. ಕ್ಲೋಸ್ ಕೆಳಗಿದ್ದರೆ ಇದರ ಉಲ್ಟಾ. ಹಾಗಾಗಿ ಮೇಲಿನ ಮತ್ತು ಕೆಳಗಿನ ಗೆರೆಗಳು ಒಂದೇ ದೂರದಲ್ಲಿ ಇಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ, ಅವು ಹಾಗೇ ಇರಬೇಕು. ಎರಡು, ಗೆರೆಗಳ ನಡುವಿನ ಅಂತರ ಪೂರ್ತಿ ನಿನ್ನೆಯ ರೇಂಜ್‌ನಿಂದಲೇ ಬಂದದ್ದು. ಇವತ್ತು ಮಾರುಕಟ್ಟೆ ಎಷ್ಟು ಓಡಾಡಬಹುದು ಅನ್ನೋದಕ್ಕೆ ಈ ಸೂತ್ರದ ಹತ್ತಿರ ಇರುವ ಒಂದೇ ಉತ್ತರ, 'ನಿನ್ನೆ ಓಡಾಡಿದಷ್ಟು.' ಪಿವಟ್‌ನ ಶಕ್ತಿಯೂ ಅದೇ, ದೌರ್ಬಲ್ಯವೂ ಅದೇ.

ಎರಡು ಆ್ಯಪ್, ಎರಡು R3

ಟ್ರೇಡಿಂಗ್‌ವ್ಯೂ ಬಳಸುವವರು Pivot Points Standard ಅನ್ನೋ ಇಂಡಿಕೇಟರ್ ಹಾಕಿಕೊಂಡಿರುತ್ತೀರಿ. ಅದರ ಸೆಟ್ಟಿಂಗ್‌ನಲ್ಲಿ Type ಅಂತ ಒಂದು ಪಟ್ಟಿ ಇದೆ. Traditional ಆರಿಸಿದರೆ ಮೇಲೆ ಕೊಟ್ಟ ಸೂತ್ರವೇ ಬರುತ್ತದೆ. Classic ಆರಿಸಿದರೆ R2ವರೆಗೆ ಎಲ್ಲ ಒಂದೇ, R3 ಮಾತ್ರ ಬೇರೆ. ಅಲ್ಲಿ ಪಿವಟ್‌ಗೆ ರೇಂಜ್‌ನ ಎರಡರಷ್ಟನ್ನು ಕೂಡಿಸುತ್ತಾರೆ. ನಮ್ಮ ಷೇರಿಗೆ 634ರ ಬದಲು 641 ಬರುತ್ತದೆ. ಎರಡೂ ತಪ್ಪಲ್ಲ. Fibonacci, Woodie, Camarilla ಬೇರೆಯದೇ ಸೂತ್ರಗಳು, ಇಲ್ಲಿ ಅವುಗಳ ತಂಟೆಗೆ ಹೋಗುವುದಿಲ್ಲ. ಒಂದೇ ಚಾರ್ಟ್ ಮೇಲೆ ಈ ಐದೂ ಬಗೆ ಹಾಕಿಕೊಂಡರೆ ಪ್ರತಿ ಎರಡು ರೂಪಾಯಿಗೆ ಒಂದು ಗೆರೆ ಸಿಗುತ್ತದೆ. ಬೆಲೆ ಎಲ್ಲಿ ನಿಂತರೂ ಯಾವುದೋ ಒಂದು ಗೆರೆ ಅಲ್ಲಿ ಇದ್ದೇ ಇರುತ್ತದೆ. ಅದರಿಂದ ಏನು ಪ್ರಯೋಜನ?

ಇದಕ್ಕಿಂತ ಹೆಚ್ಚು ಜನರನ್ನು ಗೊಂದಲಕ್ಕೆ ಬೀಳಿಸುವುದು Pivots Timeframe ಅನ್ನೋ ಜಾಗದಲ್ಲಿರುವ Auto. 15 ನಿಮಿಷದವರೆಗಿನ ಚಾರ್ಟ್‌ನಲ್ಲಿ ಅದು ಹಿಂದಿನ ದಿನದ ಬೆಲೆ ತೆಗೆದುಕೊಳ್ಳುತ್ತದೆ. ನೀವು 30 ನಿಮಿಷದ ಅಥವಾ ಒಂದು ಗಂಟೆಯ ಚಾರ್ಟ್‌ಗೆ ಹೋದ ಕೂಡಲೇ ಹೇಳದೆ ಕೇಳದೆ ಹಿಂದಿನ ವಾರದ ಬೆಲೆಗೆ ಬದಲಾಗುತ್ತದೆ. ಡೇಲಿ ಚಾರ್ಟ್‌ನಲ್ಲಿ ಹಿಂದಿನ ತಿಂಗಳದ್ದು. ಚಾರ್ಟ್ ಬದಲಾಯಿಸಿದಾಗ ಗೆರೆಗಳು ಜಾಗ ಬಿಟ್ಟು ಓಡಿದರೆ ಕಾರಣ ಇದೇ. ಇಂಟ್ರಾಡೇಗೆ ಆದರೆ ಅಲ್ಲಿ Daily ಅಂತ ಆರಿಸಿಬಿಡಿ. ಅದರ ಹತ್ತಿರವೇ Use Daily-based Values ಅಂತ ಟಿಕ್ ಹಾಕುವ ಚೌಕ ಇದೆ. ಟಿಕ್ ಇದ್ದರೆ ದಿನದ ಅಧಿಕೃತ ಕ್ಲೋಸ್ ಬಳಕೆಯಾಗುತ್ತದೆ. ಇಲ್ಲದಿದ್ದರೆ ಕೊನೆಯ ಇಂಟ್ರಾಡೇ ಕ್ಯಾಂಡಲ್‌ನ ಬೆಲೆ. ಮೊದಲ ಹೆಜ್ಜೆಯಲ್ಲಿ ಹೇಳಿದ ಆ ಒಂದೆರಡು ರೂಪಾಯಿ ವ್ಯತ್ಯಾಸ ಗೆರೆಗಳಿಗೆ ನುಗ್ಗುವುದು ಇಲ್ಲಿಂದಲೇ.

ಮೂರನೇ ಹೆಜ್ಜೆ: ಬೆಳಿಗ್ಗೆ 9:15ರ ಮೇಲೆ ಓದುವುದು

ಮತ್ತೆ ನಮ್ಮ 605ರ ಷೇರಿಗೆ ಬರೋಣ. ಮೊದಲು ನೋಡಬೇಕಾದದ್ದು ಓಪನ್ ಎಲ್ಲಿ ಆಯಿತು ಅನ್ನೋದು. ಪಿವಟ್ ಮೇಲೆ ಆಗಿ ಅಲ್ಲೇ ನಿಂತರೆ ಕೊಳ್ಳುವವರ ಕೈ ಮೇಲಿದೆ, ಕೆಳಗೆ ಆಗಿ ಅಲ್ಲೇ ಉಳಿದರೆ ಮಾರುವವರ ಕೈ ಮೇಲಿದೆ ಅಂತ ಸದ್ಯಕ್ಕೆ ಇಟ್ಟುಕೊಳ್ಳುವುದು ರೂಢಿ. ಇದು ದಿನದ ಭವಿಷ್ಯ ಅಲ್ಲ, ಶುರು ಮಾಡಲು ಒಂದು ಊಹೆ ಅಷ್ಟೇ.

ಷೇರು 608ಕ್ಕೆ ಓಪನ್ ಆಗಿ ಮೆಲ್ಲಗೆ 604.50ಕ್ಕೆ ಇಳಿಯಿತು ಅಂದುಕೊಳ್ಳಿ. ಪಿವಟ್ ಮುರಿಯಿತಾ? ಇನ್ನೂ ಇಲ್ಲ. ಪಿವಟ್ ಅಂದರೆ ಕೂದಲೆಳೆಯಷ್ಟು ಸಣ್ಣ ಗೆರೆ ಅಲ್ಲ, ಅದರ ಆಚೆ ಈಚೆ ಸ್ವಲ್ಪ ಜಾಗವೂ ಸೇರಿಯೇ ಪಿವಟ್. ಆ ಜಾಗ ಎಷ್ಟು ಅನ್ನೋದಕ್ಕೆ ನಮ್ಮಲ್ಲಿ ತುಂಬಾ ಜನ ಸಿಪಿಆರ್, ಅಂದರೆ ಸೆಂಟ್ರಲ್ ಪಿವಟ್ ರೇಂಜ್ ಬಳಸುತ್ತಾರೆ. ಹೈ ಮತ್ತು ಲೋ ಎರಡನ್ನು ಕೂಡಿಸಿ ಅರ್ಧ ಮಾಡಿದರೆ 603. ಪಿವಟ್‌ನ ಎರಡರಷ್ಟರಿಂದ ಅದನ್ನು ಕಳೆದರೆ 607. ಈ 603ರಿಂದ 607ರವರೆಗಿನ ಪಟ್ಟಿ ಸಿಪಿಆರ್, ನಡುವೆ 605. ಕ್ಲೋಸ್ ಕೆಳಗಿದ್ದ ದಿನ ಈ ಎರಡು ಅಂಕಿ ಅದಲು ಬದಲಾಗಿ ಬರುತ್ತವೆ. ದೊಡ್ಡದನ್ನು ಮೇಲೆ, ಸಣ್ಣದನ್ನು ಕೆಳಗೆ ಇಟ್ಟುಕೊಳ್ಳಿ, ಅಷ್ಟೇ.

ಹಾಗಾಗಿ 604.50 ಅನ್ನೋದು ಪಟ್ಟಿಯ ಒಳಗೇ ಇದೆ. 15 ನಿಮಿಷದ ಕ್ಯಾಂಡಲ್ ಒಂದು 603ರ ಕೆಳಗೆ ಕ್ಲೋಸ್ ಆಗಿ, ಬೆಲೆ ತಿರುಗಿ ಬಂದು 603 ದಾಟಲಾರದೆ ಮತ್ತೆ ಕೆಳಗಿಳಿದರೆ ಆಗ ಸಪೋರ್ಟ್ ಹೋಯಿತು ಅನ್ನಬಹುದು. ಸುಮ್ನೆ ಒಂದು ಕಡ್ಡಿ ಕೆಳಗೆ ಇಣುಕಿ ವಾಪಸ್ ಬಂದದ್ದನ್ನು ಮುರಿದದ್ದು ಅಂತ ಲೆಕ್ಕ ಹಾಕಬೇಡಿ.

ಈಗ ಷೇರು ಪಟ್ಟಿಯಿಂದ ಮೇಲೆದ್ದು 608ಕ್ಕೆ ಬಂತು. ಇಲ್ಲಿ ಕೊಂಡರೆ ಸ್ಟಾಪ್‌ಲಾಸ್ ಎಲ್ಲಿ? ಪಟ್ಟಿಯ ಕೆಳಗೆ, 602. ಟಾರ್ಗೆಟ್ R1, 616. ಹೋದರೆ 6, ಬಂದರೆ 8. ಸುಮಾರು. ಅದೇ ನೀವು ತಡವಾಗಿ ನೋಡಿ 613ಕ್ಕೆ ಕೊಂಡಿರಿ ಅನ್ನಿ. ಸ್ಟಾಪ್‌ಲಾಸ್ ಅದೇ 602, ಟಾರ್ಗೆಟ್ ಅದೇ 616. ಹೋದರೆ 11, ಬಂದರೆ 3. ಬ್ರೋಕರೇಜ್, ಎಸ್‌ಟಿಟಿ, ಜಿಎಸ್‌ಟಿ ಕಳೆದರೆ ಆ 3ರಲ್ಲೂ ಪೂರ್ತಿ ಉಳಿಯುವುದಿಲ್ಲ. ಪಿವಟ್ ಗೆರೆಗಳು ನಿಜವಾಗಿ ಕೆಲಸಕ್ಕೆ ಬರುವುದು ಇಂಥ ಕಡೆ. ಎಲ್ಲಿ ಕೊಳ್ಳಬೇಕು ಅನ್ನೋದಕ್ಕಿಂತ, ಎಲ್ಲಿ ಕೊಳ್ಳುವುದು ದಂಡ ಅನ್ನೋದನ್ನು ಅವು ಚೆನ್ನಾಗಿ ತೋರಿಸುತ್ತವೆ. 2022-23ರಲ್ಲಿ ಷೇರುಗಳಲ್ಲಿ ಇಂಟ್ರಾಡೇ ಮಾಡಿದ ಪ್ರತಿ 10 ಜನರಲ್ಲಿ 7 ಜನ ನಷ್ಟ ಮಾಡಿಕೊಂಡರು ಅಂತ ಸೆಬಿ 2024ರ ಜುಲೈನಲ್ಲಿ ಹೇಳಿತ್ತು. ಅವರಲ್ಲಿ ಎಷ್ಟೋ ಜನರ ಚಾರ್ಟ್ ಮೇಲೂ ಇವೇ ಗೆರೆಗಳು ಇದ್ದವು ಅನ್ನೋದನ್ನು ನಾನು ಧೈರ್ಯವಾಗಿ ಊಹಿಸಬಲ್ಲೆ.

ಓಪನ್ ನೇರವಾಗಿ R1 ಮೇಲೆ, ಅಂದರೆ 619ಕ್ಕೆ ಆದರೆ? ಆಗ ಪಿವಟ್ ತುಂಬಾ ಹಿಂದೆ ಬಿದ್ದಿರುತ್ತದೆ, ಅದನ್ನು ಬಿಡಿ. 616 ಅನ್ನೋ ರೆಸಿಸ್ಟೆನ್ಸ್ ಈಗ ಸಪೋರ್ಟ್ ಆಗಿ ನಿಲ್ಲುತ್ತದಾ ಅಂತ ನೋಡಿ. ನಿಂತರೆ ಮುಂದಿನದು 623. ನಿಲ್ಲದೆ 616ರ ಕೆಳಗೆ ಜಾರಿದರೆ ಬೆಳಗಿನ ಗ್ಯಾಪ್ ತುಂಬಲು ಹೊರಟಿದೆ ಅಂತ ಅನುಮಾನ ಪಡಬಹುದು.

ಸೂತ್ರ ಕೈ ಕೊಡುವ ದಿನಗಳು

2024ರ ಜೂನ್ ಮೊದಲ ವಾರಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಜೂನ್ 3, ಸೋಮವಾರ. ಎಕ್ಸಿಟ್ ಪೋಲ್ ನೋಡಿ ಮಾರುಕಟ್ಟೆ ಕುಣಿಯುತ್ತಿತ್ತು. ನಿಫ್ಟಿಯ ಹೈ ಸುಮಾರು 23,339, ಲೋ 23,062, ಕ್ಲೋಸ್ 23,264. ದಿನ ಶುರುವಾಗುವಾಗಲೇ ದೊಡ್ಡ ಗ್ಯಾಪ್ ಮೇಲೆ ಓಪನ್ ಆದ ಕಾರಣ ದಿನದ ಒಳಗಿನ ರೇಂಜ್ ಬರೀ 277. ಲೆಕ್ಕ ಹಾಕಿದರೆ ಜೂನ್ 4ಕ್ಕೆ ಪಿವಟ್ 23,222, S1 23,104, S2 22,945, S3 ಸುಮಾರು 22,827.

ಜೂನ್ 4ರಂದು ಚುನಾವಣೆ ಫಲಿತಾಂಶ. ನಿಫ್ಟಿ ಕೆಳಗೆ 21,281ರವರೆಗೆ ಹೋಗಿ 21,884ರ ಸುಮಾರಿಗೆ ಕ್ಲೋಸ್ ಆಯಿತು. ದಿನದ ಲೋ S3ಗಿಂತ 1,500 ಪಾಯಿಂಟ್‌ಗೂ ಜಾಸ್ತಿ ಕೆಳಗೆ. S1ರಲ್ಲಿ ಕೊಂಡವರು, S2ರಲ್ಲಿ ಸರಾಸರಿ ಮಾಡಿದವರು, S3ರಲ್ಲಿ 'ಇನ್ನು ಕೆಳಗೆ ಹೋಗಲ್ಲ' ಅಂದವರು, ಎಲ್ಲರೂ ಒಂದೇ ಬೆಳಿಗ್ಗೆ ಸಿಕ್ಕಿಬಿದ್ದರು. ಸೂತ್ರ ತಪ್ಪಿರಲಿಲ್ಲ. 277 ಪಾಯಿಂಟ್‌ನ ದಿನದಿಂದ ತೆಗೆದ ಅಳತೆಯನ್ನು 1,900 ಪಾಯಿಂಟ್‌ನ ದಿನಕ್ಕೆ ಹಿಡಿದದ್ದು ತಪ್ಪು.

ಮರುದಿನ ಇದರ ಉಲ್ಟಾ. ಜೂನ್ 4ರ ಹೈ 23,180ರ ಸುಮಾರು. ಅದರಿಂದ ಜೂನ್ 5ಕ್ಕೆ ಬಂದ ಪಿವಟ್ 22,115, R1 22,949, S1 21,050. ಎರಡರ ನಡುವೆ ಅದೇ 1,900 ಪಾಯಿಂಟ್. ಅವತ್ತು ನಿಫ್ಟಿ 736 ಪಾಯಿಂಟ್ ಏರಿ 22,620ಕ್ಕೆ ಮುಗಿಯಿತು. ಮಾಮೂಲಿ ದಿನಗಳಿಗೆ ಹೋಲಿಸಿದರೆ ಭಾರಿ ಏರಿಕೆ. ಆದರೂ R1 ಮುಟ್ಟಲಿಲ್ಲ, S1 ಅಂತೂ ದೂರದ ಮಾತು. ಅವತ್ತು ಪಿವಟ್ ಒಂದು ಬಿಟ್ಟರೆ ಉಳಿದ ಗೆರೆಗಳು ಚಾರ್ಟ್ ಮೇಲೆ ಇದ್ದೂ ಇಲ್ಲದ ಹಾಗೆ.

ಹಾಗಾಗಿ ಗೆರೆ ಹಾಕಿದ ಮೇಲೆ ಒಂದು ಕೆಲಸ ಮಾಡಿ. ನಿನ್ನೆಯ ರೇಂಜನ್ನು ಹಿಂದಿನ ಹತ್ತು ಹದಿನೈದು ದಿನದ ಸರಾಸರಿ ರೇಂಜ್ ಪಕ್ಕ ಇಟ್ಟು ನೋಡಿ. ಅರ್ಧಕ್ಕಿಂತ ಕಡಿಮೆ ಇದ್ದರೆ R1, S1 ತೀರಾ ಹತ್ತಿರ ಬಿದ್ದಿರುತ್ತವೆ. ಮಾಮೂಲಿ ಓಡಾಟಕ್ಕೇ ಅವು ಮುರಿಯುತ್ತವೆ, ಅದನ್ನು ದೊಡ್ಡ ಬ್ರೇಕ್‌ಔಟ್ ಅಂದುಕೊಳ್ಳಬೇಡಿ. ಎರಡರಷ್ಟಕ್ಕಿಂತ ಜಾಸ್ತಿ ಇದ್ದರೆ ಪಿವಟ್ ಮಾತ್ರ ಇಟ್ಟುಕೊಂಡು ಉಳಿದವನ್ನು ಅಳಿಸಿದರೂ ನಷ್ಟವಿಲ್ಲ. ಬಜೆಟ್, ಆರ್‌ಬಿಐ ಪಾಲಿಸಿ, ಫಲಿತಾಂಶ ಇರುವ ದಿನ S2ರಲ್ಲಿ ಕೊಳ್ಳುವ ಆರ್ಡರ್ ಹಾಕಿಟ್ಟು ಊಟಕ್ಕೆ ಹೋಗಬೇಡಿ.

ದೀಪಾವಳಿಯ ಮುಹೂರ್ತ ಟ್ರೇಡಿಂಗ್ ಇನ್ನೊಂದು ಬಲೆ. 2024ರಲ್ಲಿ ನವೆಂಬರ್ 1ರ ಸಂಜೆ 6ರಿಂದ 7ರವರೆಗೆ ನಡೆಯಿತು. ಒಂದು ಗಂಟೆಯ ಶಾಸ್ತ್ರದ ವ್ಯಾಪಾರಕ್ಕೂ ಹೈ, ಲೋ, ಕ್ಲೋಸ್ ಇರುತ್ತದೆ. ಸಾಫ್ಟ್‌ವೇರ್‌ಗೆ ಅದೂ ಒಂದು ಪೂರ್ತಿ ಸೆಷನ್. ಮುಂದಿನ ಸೋಮವಾರ, ನವೆಂಬರ್ 4ರಂದು, ನಿಫ್ಟಿ 300ಕ್ಕೂ ಹೆಚ್ಚು ಪಾಯಿಂಟ್ ಬಿತ್ತು. ಆ ಒಂದು ಗಂಟೆಯಿಂದ ತೆಗೆದ ಇಕ್ಕಟ್ಟಾದ ಗೆರೆಗಳು ಅಂಥ ದಿನಕ್ಕೆ ಎಲ್ಲಿ ಸಾಲುತ್ತವೆ? ಮುಹೂರ್ತದ ಮರುದಿನ ಅದರ ಹಿಂದಿನ ಪೂರ್ತಿ ಸೆಷನ್ ಮತ್ತು ಮುಹೂರ್ತ ಎರಡನ್ನೂ ಒಂದು ದಿನ ಅಂತ ಸೇರಿಸಿಕೊಳ್ಳಿ. ಎರಡರಲ್ಲಿ ದೊಡ್ಡ ಹೈ, ಸಣ್ಣ ಲೋ, ಮುಹೂರ್ತದ ಕ್ಲೋಸ್. ಇದು ನಿಯಮ ಅಲ್ಲ, ನನಗೆ ಸರಿ ಕಾಣುವ ದಾರಿ.

ಷೇರುಗಳಲ್ಲಿ ಬೋನಸ್ ಮತ್ತು ಸ್ಪ್ಲಿಟ್ ನೋಡಿಕೊಳ್ಳಿ. ನಮ್ಮ ಷೇರಿಗೆ ಒಂದಕ್ಕೊಂದು ಬೋನಸ್ ಇದ್ದು ಇವತ್ತು ಎಕ್ಸ್-ಡೇಟ್ ಆಗಿದ್ದರೆ ಅದು ಓಪನ್ ಆಗುವುದು 304ರ ಆಸುಪಾಸಿನಲ್ಲಿ. ನೀವು ಕೈಯಲ್ಲಿ ಹಾಕಿದ S3 ಮಾತ್ರ 580ರಲ್ಲೇ ಕೂತಿರುತ್ತದೆ. ನಿನ್ನೆಯ ಮೂರೂ ಬೆಲೆಯನ್ನು ಮೊದಲು ಅರ್ಧ ಮಾಡಿ, ಆಮೇಲೆ ಸೂತ್ರಕ್ಕೆ ಹಾಕಿ. ದೊಡ್ಡ ಡಿವಿಡೆಂಡ್ ಇದ್ದರೆ ಮೂರು ಬೆಲೆಯಿಂದಲೂ ಡಿವಿಡೆಂಡ್ ಮೊತ್ತವನ್ನು ಕಳೆಯಿರಿ.

ಇನ್ನು ಅಪ್ಪರ್ ಸರ್ಕ್ಯೂಟ್‌ನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಬೀಗ ಬಿದ್ದ ಸಣ್ಣ ಷೇರುಗಳಿಗೆ ಇದನ್ನು ಹಾಕಿ ನೋಡಿ, ತಮಾಷೆಯಾಗಿರುತ್ತದೆ. ಹೈ, ಲೋ, ಕ್ಲೋಸ್ ಮೂರೂ ಒಂದೇ ಬೆಲೆ. ರೇಂಜ್ ಸೊನ್ನೆ. R3ರಿಂದ S3ವರೆಗೆ ಏಳು ಗೆರೆಗಳೂ ಒಂದರ ಮೇಲೆ ಒಂದು ಬಂದು ಕೂರುತ್ತವೆ. ಅಂಥ ಷೇರಿಗೆ ದಿನದ ಪಿವಟ್ ಬಿಟ್ಟು ಹಿಂದಿನ ವಾರದ ಹೈ, ಲೋ, ಕ್ಲೋಸ್ ಹಾಕಿ. ಸೂತ್ರ ಅದೇ. ಆದರೆ ವಾರದ ಐದೂ ದಿನ ಬೀಗ ಬಿದ್ದಿದ್ದರೆ ಅದೂ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಮಾರುವವರೇ ಇಲ್ಲ, ಮತ್ತೆ ರೆಸಿಸ್ಟೆನ್ಸ್ ಎಲ್ಲಿಂದ ಬರಬೇಕು?